ಇನ್‌ಫ್ಲುಯೆನ್ಸರ್ ಒಪ್ಪಂದದಿಂದ ನಿಜವಾದ ಮಾರಾಟದ ಲೆಕ್ಕದವರೆಗೆ: ಹೊಸ ಸ್ಕಿನ್‌ಕೇರ್ ಬ್ರ್ಯಾಂಡ್‌ಗೆ ಹಂತ ಹಂತದ ಮಾರ್ಗದರ್ಶಿ

ಹೊಸದಾಗಿ ಸ್ಕಿನ್‌ಕೇರ್ ಬ್ರ್ಯಾಂಡ್ ಆರಂಭಿಸಿದವರು ಇನ್‌ಫ್ಲುಯೆನ್ಸರ್‌ಗಳಿಗೆ ಹಣ ಕೊಟ್ಟ ತಿಂಗಳ ಬಳಿಕ ಸಾಮಾನ್ಯವಾಗಿ ಎರಡು ತಪ್ಪು ತೀರ್ಮಾನಗಳಲ್ಲಿ ಒಂದಕ್ಕೆ ಬರುತ್ತಾರೆ. ಕೂಪನ್ ಕೋಡ್ ಬಳಸಿದ ಆರ್ಡರ್‌ಗಳನ್ನಷ್ಟೇ ಎಣಿಸಿ ಹಣವೆಲ್ಲ ಹೋಯಿತೆನ್ನುವವರು ಕೆಲವರು. ಆ ತಿಂಗಳು ಬಂದ ಆರ್ಡರ್‌ಗಳನ್ನೆಲ್ಲ ರೀಲ್‌ನ ಲೆಕ್ಕಕ್ಕೆ ಬರೆದು, ಅದೇ ದರಕ್ಕೆ ಮತ್ತೆ ಸಹಿ ಹಾಕುವವರು ಉಳಿದವರು. ಈ ತಪ್ಪಿನ ಬೇರು ಲೆಕ್ಕಪತ್ರದಲ್ಲಿ ಅಲ್ಲ, ಒಪ್ಪಂದದಲ್ಲೇ ಇರುತ್ತದೆ. ಪ್ರಕಟಣೆಯ ದಿನಾಂಕ, ಕೊಡಬೇಕಾದ ಅಂಕಿಅಂಶ, ಜಾಹೀರಾತು ಹಕ್ಕು ಇವೆಲ್ಲ ಸಹಿಗೆ ಮುನ್ನ ಬರೆಯದಿದ್ದರೆ, ಆಮೇಲೆ ಅಳೆಯಲು ಏನೂ ಕೈಗೆ ಸಿಗುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು.

ಉದಾಹರಣೆಗೆ ಒಂದು ಕಲ್ಪಿತ ಬ್ರ್ಯಾಂಡನ್ನು ಇಟ್ಟುಕೊಳ್ಳೋಣ. ಅದು ಬೆಂಗಳೂರಿನದು, 50 ಗ್ರಾಂ ಸನ್‌ಸ್ಕ್ರೀನ್ ಒಂದನ್ನೇ 499 ರೂಪಾಯಿಗೆ ತನ್ನ ವೆಬ್‌ಸೈಟಿನಲ್ಲಿ ಮಾರುತ್ತದೆ, ಕನ್ನಡದಲ್ಲಿ ವಿಡಿಯೊ ಮಾಡುವ ನಾಲ್ವರು ಕ್ರಿಯೇಟರ್‌ಗಳೊಂದಿಗೆ ಕೆಲಸ ಮಾಡಲು ಹೊರಟಿದೆ. ಇಲ್ಲಿನ ಅಂಕಿಗಳೆಲ್ಲ ಲೆಕ್ಕದ ದಾರಿ ತೋರಿಸಲು ಮಾತ್ರ. ಅವುಗಳ ಜಾಗದಲ್ಲಿ ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ.

## ಬೇಕಾಗುವ ಸಾಮಗ್ರಿ

ಕಳೆದ ಎಂಟು ವಾರಗಳ ಆರ್ಡರ್ ಪಟ್ಟಿ ಬೇಕು. ಅದರಲ್ಲಿ ದಿನಾಂಕ, ಪಿನ್‌ಕೋಡ್, ಹಣ ಪಾವತಿಯ ವಿಧಾನ, ಕೂಪನ್, ತಲುಪಿತೋ ಹಿಂದಿರುಗಿತೋ ಎಂಬ ಸ್ಥಿತಿ ಇಷ್ಟೂ ಇರಬೇಕು. ಇದರ ಜೊತೆಗೆ ಕೊರಿಯರ್ ಕಂಪನಿಯ ಬಿಲ್, ಎಕ್ಸೆಲ್ ಅಥವಾ ಗೂಗಲ್ ಶೀಟ್, ಆರ್ಡರ್ ಮುಗಿದ ಮೇಲೆ ಗ್ರಾಹಕರಿಗೆ ಕಾಣುವ ಒಂದು ಪ್ರಶ್ನೆಯ ಪುಟ್ಟ ಸಮೀಕ್ಷೆ ಇದ್ದರೆ ಸಾಕು. ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಅಗತ್ಯ ಈ ಹಂತದಲ್ಲಿ ಇಲ್ಲ. ಆದರೆ ಎಂಟು ವಾರಗಳ ಮಾರಾಟವೇ ಇನ್ನೂ ಆಗಿಲ್ಲವೆಂದರೆ, ದೊಡ್ಡ ಮೊತ್ತದ ಒಪ್ಪಂದಕ್ಕೆ ಕಾಲ ಬಂದಿಲ್ಲವೆಂದೇ ತಿಳಿಯಬೇಕು. ಹೋಲಿಸಲು ಹಿಂದಿನ ಮಟ್ಟವೇ ಇಲ್ಲದಿದ್ದರೆ ಏರಿಕೆಯನ್ನು ಗುರುತಿಸಲಾಗದು.

## ಹಂತ 1: ಒಂದು ಆರ್ಡರ್‌ನಿಂದ ಉಳಿಯುವ ಹಣವನ್ನು ಮೊದಲು ಲೆಕ್ಕ ಹಾಕಿ

ಕ್ರಿಯೇಟರ್‌ಗೆ ಮೊದಲ ಸಂದೇಶ ಕಳುಹಿಸುವ ಮುನ್ನವೇ ಈ ಲೆಕ್ಕ ಮುಗಿದಿರಬೇಕು. ಕ್ರಿಯೇಟರ್‌ನ ಕೂಪನ್‌ನಿಂದ ಶೇ 10 ರಿಯಾಯಿತಿ ಕೊಟ್ಟರೆ 499 ರೂಪಾಯಿಯ ಟ್ಯೂಬ್ 449 ರೂಪಾಯಿಗೆ ಹೋಗುತ್ತದೆ. ಅದರೊಳಗಿನ ಶೇ 18 ಜಿಎಸ್‌ಟಿ ತೆಗೆದರೆ ಕೈಗೆ ಬರುವುದು ಸುಮಾರು 380 ರೂಪಾಯಿ. ಕ್ರೀಮು, ಟ್ಯೂಬು, ಪೆಟ್ಟಿಗೆ ಸೇರಿ 110, ಪ್ಯಾಕಿಂಗ್ ಮತ್ತು ಕೊರಿಯರ್ 70, ಹಣ ಸಂಗ್ರಹದ ಶುಲ್ಕ 20 ಎಂದಿಟ್ಟುಕೊಂಡರೆ ಉಳಿಯುವುದು 180.

ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕ್ಯಾಶ್ ಆನ್ ಡೆಲಿವರಿಯಲ್ಲಿ ಬುಕ್ ಆದ ಪೊಟ್ಟಣಗಳಲ್ಲಿ ಒಂದು ಪಾಲು ಬಾಗಿಲಿನಿಂದಲೇ ಹಿಂದಿರುಗುತ್ತದೆ. ಕೊರಿಯರ್‌ನವರು ಆರ್‌ಟಿಒ ಎನ್ನುವುದು ಇದನ್ನೇ. ರೀಲ್ ನೋಡಿದ ಉತ್ಸಾಹದಲ್ಲಿ ಬುಕ್ ಮಾಡಿ, ಮೂರು ದಿನಗಳ ಬಳಿಕ ಬೇಡವೆನ್ನುವವರು ಇದ್ದೇ ಇರುತ್ತಾರೆ. ನೂರು ಆರ್ಡರ್‌ಗಳಲ್ಲಿ 15 ಹಿಂದಿರುಗಿ, ಒಂದೊಂದಕ್ಕೆ ಹೋಗಿ ಬರುವ ಕೊರಿಯರ್ ಮತ್ತು ಪ್ಯಾಕಿಂಗ್ ಸೇರಿ 120 ರೂಪಾಯಿ ನಷ್ಟವಾದರೆ, ತಲುಪಿದ 85ರಿಂದ ಬಂದ 15,300 ರೂಪಾಯಿಯಲ್ಲಿ 1,800 ಕಳೆದು 13,500 ಉಳಿಯುತ್ತದೆ. ಅಂದರೆ ಬುಕ್ ಆದ ಪ್ರತಿ ಆರ್ಡರ್‌ಗೆ 135 ರೂಪಾಯಿ.

ಇನ್ನು ಮುಂದೆ ಯಾವ ದರ ಕಿವಿಗೆ ಬಿದ್ದರೂ ಅದನ್ನು 135ರಿಂದ ಭಾಗಿಸಿ ನೋಡಿ. ಒಂದು ರೀಲ್ ಮತ್ತು ಎರಡು ಸ್ಟೋರಿಗೆ 60,000 ರೂಪಾಯಿ ಕೇಳಿದರೆ, ಹಾಕಿದ ಹಣ ಮರಳಲು 445 ಆರ್ಡರ್ ಬೇಕು. ಆ ಕ್ರಿಯೇಟರ್‌ನ ಪ್ರಾಯೋಜಿತ ರೀಲ್‌ಗಳನ್ನು ಸಾಮಾನ್ಯವಾಗಿ 25,000 ಬಾರಿ ನೋಡಲಾಗುತ್ತದೆ ಎಂದಾದರೆ, ಸುಮಾರು 56 ವೀಕ್ಷಣೆಗೆ ಒಂದು ಆರ್ಡರ್ ಬರಬೇಕಾಗುತ್ತದೆ. ಹೆಸರೇ ಕೇಳಿರದ ಹೊಸ ಬ್ರ್ಯಾಂಡಿಗೆ ಅದು ಆಗುವ ಮಾತಲ್ಲ ಎಂಬುದು ಮಾತುಕತೆಗೆ ಕೂರುವ ಮುನ್ನವೇ ತಿಳಿದುಬಿಡುತ್ತದೆ.

## ಹಂತ 2: ಹಿಂಬಾಲಕರ ಸಂಖ್ಯೆಯನ್ನು ಬಿಟ್ಟು ಬೇರೆ ಅಂಕಿ ಕೇಳಿ

ಕ್ರಿಯೇಟರ್‌ನಿಂದ ಮೂರು ವಿಷಯಗಳನ್ನು ಕೇಳಿ ಪಡೆಯಿರಿ: ಇತ್ತೀಚಿನ ಹತ್ತು ಸಾಮಾನ್ಯ ರೀಲ್‌ಗಳ ವೀಕ್ಷಣೆ, ಇತ್ತೀಚಿನ ನಾಲ್ಕೈದು ಪ್ರಾಯೋಜಿತ ರೀಲ್‌ಗಳ ವೀಕ್ಷಣೆ, ಮತ್ತು ಪ್ರೇಕ್ಷಕರ ಊರು ಹಾಗೂ ವಯಸ್ಸಿನ ವಿವರ. ಸ್ಕ್ರೀನ್‌ಶಾಟ್ ಬೇಡ. ಇನ್‌ಸ್ಟಾಗ್ರಾಮ್‌ನ ಇನ್‌ಸೈಟ್ಸ್ ಪುಟವನ್ನು ತೆರೆದು ಕೆಳಗಿನವರೆಗೆ ಜಾರಿಸಿದ ಸ್ಕ್ರೀನ್ ರೆಕಾರ್ಡಿಂಗ್ ಕೇಳಿ. ಚಿತ್ರ ತಿದ್ದುವಷ್ಟು ಸುಲಭವಾಗಿ ವಿಡಿಯೊ ತಿದ್ದಲಾಗದು.

ಸರಾಸರಿಗೆ ಮೋಸಹೋಗಬೇಡಿ. ಒಂದು ರೀಲ್ ಹತ್ತು ಲಕ್ಷ ವೀಕ್ಷಣೆ ಕಂಡು ಉಳಿದ ಒಂಬತ್ತು ಇಪ್ಪತ್ತು ಸಾವಿರದಲ್ಲಿ ನಿಂತರೂ ಸರಾಸರಿ ಲಕ್ಷ ದಾಟುತ್ತದೆ. ಹತ್ತನ್ನೂ ಏರಿಕೆಯ ಕ್ರಮದಲ್ಲಿ ಬರೆದು ಐದನೆಯ ಮತ್ತು ಆರನೆಯದರ ನಡುವಿನ ಅಂಕಿಯನ್ನು ತೆಗೆದುಕೊಳ್ಳಿ. ಪ್ರಾಯೋಜಿತ ರೀಲ್‌ಗಳ ನಡುವಿನ ಅಂಕಿ ಸಾಮಾನ್ಯ ರೀಲ್‌ಗಳದ್ದಕ್ಕಿಂತ ತೀರಾ ಕೆಳಗಿದ್ದರೆ, ಪ್ರೇಕ್ಷಕರು ಆ ಖಾತೆಯ ಜಾಹೀರಾತನ್ನು ದಾಟಿ ಹೋಗುತ್ತಿದ್ದಾರೆ ಎಂದರ್ಥ. ನಿಮ್ಮ ದರದ ಮಾತು ಪ್ರಾಯೋಜಿತ ರೀಲ್‌ಗಳ ಅಂಕಿಯ ಮೇಲೆ ನಿಲ್ಲಬೇಕು.

ಎಚ್ಚರಿಕೆಯ ಗುರುತುಗಳು ಕೆಲವಿವೆ. ಕನ್ನಡದಲ್ಲಿ ಮಾತನಾಡುವ ಖಾತೆಯ ಪ್ರೇಕ್ಷಕರ ಪಟ್ಟಿಯಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳು ಮೇಲಿರಬೇಕು. ಸಂಬಂಧವೇ ಇಲ್ಲದ ದೂರದ ನಗರಗಳು ಮೇಲಿದ್ದರೆ ಹಿಂಬಾಲಕರನ್ನು ಹಣ ಕೊಟ್ಟು ಸೇರಿಸಿರುವ ಸಾಧ್ಯತೆ ಹೆಚ್ಚು. ಕಾಮೆಂಟ್‌ಗಳಲ್ಲಿ ಹೃದಯದ ಚಿಹ್ನೆ, ‘ಸೂಪರ್ ಅಕ್ಕ’ ಎಂಬಷ್ಟೇ ಇದ್ದು, ‘ಎಣ್ಣೆ ಚರ್ಮಕ್ಕೆ ಆಗತ್ತಾ’, ‘ಬೆಲೆ ಎಷ್ಟು’, ‘ಬಿಳಿ ಪದರ ಉಳಿಯತ್ತಾ’ ಎಂಬ ಪ್ರಶ್ನೆಗಳೇ ಇಲ್ಲದಿದ್ದರೆ, ಅಲ್ಲಿ ಅಭಿಮಾನಿಗಳಿದ್ದಾರೆ, ಕೊಳ್ಳುವವರು ಕಡಿಮೆ. ಕಳೆದ ಎರಡು ತಿಂಗಳಲ್ಲಿ ಮೂರು ಬೇರೆ ಬೇರೆ ಸನ್‌ಸ್ಕ್ರೀನ್‌ಗಳನ್ನು ‘ನನ್ನ ಅಚ್ಚುಮೆಚ್ಚಿನದು’ ಎಂದಿರುವ ಖಾತೆಯನ್ನು, ದರ ಎಷ್ಟೇ ಕಡಿಮೆಯಿದ್ದರೂ ನಾನಾದರೆ ಬಿಟ್ಟುಬಿಡುತ್ತೇನೆ.

## ಹಂತ 3: ಸಹಿಗೆ ಮುನ್ನ ಹಚ್ಚಿ ನೋಡಲು ಕೊಡಿ

ಬೇರೆ ಸರಕಿನಲ್ಲಿ ಬಿಡಬಹುದಾದ ಈ ಹಂತವನ್ನು ಚರ್ಮದ ಸರಕಿನಲ್ಲಿ ಬಿಡಬಾರದು. ಉತ್ಪನ್ನವನ್ನು ಪೂರ್ಣ ಘಟಕಾಂಶಗಳ ಪಟ್ಟಿಯೊಂದಿಗೆ ಕಳುಹಿಸಿ, ಮೊದಲು ಮೊಣಕೈ ಒಳಭಾಗದಲ್ಲಿ ಹಚ್ಚಿ ಪರೀಕ್ಷಿಸಲು, ಬಳಿಕ ಎರಡು ವಾರ ನಿತ್ಯ ಬಳಸಲು ಹೇಳಿ. ಉರಿ, ಕೆಂಪು ಗುಳ್ಳೆ ಬಂದರೆ ಅಥವಾ ಇಷ್ಟವಾಗದಿದ್ದರೆ ಯಾವ ಹೊಣೆಯೂ ಇಲ್ಲದೆ ಇಬ್ಬರೂ ಹಿಂದೆ ಸರಿಯಬಹುದು ಎಂದು ಲಿಖಿತವಾಗಿ ತಿಳಿಸಿ. ಇಂಥ ಜಾಹೀರಾತು ಮಾಡುವವರಿಗೆ ಸರಕಿನ ಬಗ್ಗೆ ಸಾಕಷ್ಟು ಮಾಹಿತಿ ಅಥವಾ ಅನುಭವ ಇರಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯೂ ಹೇಳುತ್ತದೆ. ಪೊಟ್ಟಣ ತೆರೆಯದೆಯೇ ‘ನಾಳೆಯೇ ರೀಲ್ ಹಾಕುತ್ತೇನೆ’ ಎನ್ನುವವರು ಸಿಕ್ಕರೆ, ವೇಗ ಸಿಕ್ಕಿತೆಂದು ಹಿಗ್ಗುವ ಕಾರಣವಿಲ್ಲ.

## ಹಂತ 4: ದರದ ಮಾತುಕತೆ

ಕೇಳಿದ ದರವನ್ನು ಅರ್ಧಕ್ಕೆ ಇಳಿಸಿ ಎಂದು ಚೌಕಾಸಿ ಮಾಡುವುದಕ್ಕಿಂತ, ಆ ದರದೊಳಗೆ ಏನೇನು ಸೇರಿದೆ ಎಂದು ಬಿಡಿಸಿ ನೋಡುವುದು ಫಲಕಾರಿ. ಒಂದು ಮೊತ್ತದೊಳಗೆ ವಿಡಿಯೊ ತಯಾರಿಯ ಕೂಲಿ, ತಮ್ಮ ಪ್ರೇಕ್ಷಕರಿಗೆ ತೋರಿಸುವ ಬೆಲೆ, ಆ ವಿಡಿಯೊವನ್ನು ನೀವು ಜಾಹೀರಾತಾಗಿ ಓಡಿಸುವ ಹಕ್ಕು, ಸ್ಪರ್ಧಿಗಳಿಗೆ ಕೆಲಸ ಮಾಡದಿರುವ ಮಾತು ಅಂದರೆ ಎಕ್ಸ್‌ಕ್ಲೂಸಿವಿಟಿ, ಈ ನಾಲ್ಕು ಬೆರೆತಿರುತ್ತವೆ. ಬೇಡವಾದುದನ್ನು ಬಿಟ್ಟುಕೊಟ್ಟರೆ ದರ ತಾನಾಗಿ ಇಳಿಯುತ್ತದೆ, ಯಾರ ಮರ್ಯಾದೆಗೂ ಕುಂದಾಗುವುದಿಲ್ಲ.

ಸಂದೇಶ ಹೀಗಿರಬಹುದು: ‘ಮೇಡಂ, ನಿಮ್ಮ ಕೆಲಸ ನಮಗೆ ಇಷ್ಟವಾಗಿದೆ. 499 ರೂಪಾಯಿಯ ಒಂದೇ ಸರಕು ನಮ್ಮದು. 60,000ವನ್ನು ಒಮ್ಮೆಗೇ ಕೊಡುವ ಶಕ್ತಿ ಇಲ್ಲ. ವರ್ಷದ ಎಕ್ಸ್‌ಕ್ಲೂಸಿವಿಟಿ ನಮಗೆ ಬೇಡ, 30 ದಿನ ಸಾಕು. ನಿಗದಿತ ಮೊತ್ತ 30,000, ನಿಮ್ಮ ಕೂಪನ್‌ನಿಂದ ತಲುಪಿದ ಪ್ರತಿ ಆರ್ಡರ್‌ಗೆ 50 ರೂಪಾಯಿ ಕಮಿಷನ್ ಕೊಡುತ್ತೇವೆ. ಜಾಹೀರಾತಾಗಿ ಓಡಿಸುವ ಹಕ್ಕಿನ ದರವನ್ನು ದಯವಿಟ್ಟು ಬೇರೆಯಾಗಿ ತಿಳಿಸಿ, ಬೇಕೆನಿಸಿದರೆ ಆಮೇಲೆ ಕೊಳ್ಳುತ್ತೇವೆ.’

ಕಮಿಷನ್ ಮಾತ್ರ ಕೊಡುತ್ತೇವೆ ಎಂಬ ಪ್ರಸ್ತಾವವನ್ನು ಒಳ್ಳೆಯ ಕ್ರಿಯೇಟರ್‌ಗಳು ಒಪ್ಪುವುದಿಲ್ಲ; ಒಪ್ಪದಿರುವುದು ನ್ಯಾಯವೂ ಹೌದು, ಏಕೆಂದರೆ ನಿಮ್ಮ ವೆಬ್‌ಸೈಟು ನಿಧಾನವಾಗಿದ್ದರೆ ಅಥವಾ ಸರಕು ಖಾಲಿಯಾದರೆ ಅದರ ನಷ್ಟವನ್ನು ಅವರು ಯಾಕೆ ಹೊರಬೇಕು? ಮತ್ತೊಂದು ವಿಷಯವನ್ನು ಇಲ್ಲೇ ತೀರಿಸಿಕೊಳ್ಳಿ: ಹೇಳಿದ ದರ ಜಿಎಸ್‌ಟಿ ಸೇರಿಯೋ ಹೊರತೋ, ಮ್ಯಾನೇಜರ್ ಅಥವಾ ಏಜೆನ್ಸಿಯ ಪಾಲು ಅದರಲ್ಲಿದೆಯೋ, ಬಿಲ್ ಯಾರ ಹೆಸರಿನಲ್ಲಿ ಬರುತ್ತದೆ. ಟಿಡಿಎಸ್ ಕಡಿತದ ಬಗ್ಗೆ, ಹಾಗೂ ವರ್ಷದಲ್ಲಿ 20,000 ರೂಪಾಯಿ ಮೀರಿದ ಉಚಿತ ಸರಕು ಕೊಟ್ಟರೆ ಅದಕ್ಕೂ ತೆರಿಗೆ ಕಡಿತದ ನಿಯಮವಿರುವುದರ ಬಗ್ಗೆ ನಿಮ್ಮ ಆಡಿಟರ್‌ರನ್ನು ಒಮ್ಮೆ ಕೇಳಿಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ನಾಲ್ವರೊಂದಿಗೆ ಕ್ರಮವಾಗಿ 30,000, 12,000, 18,000 ಮತ್ತು 12,000 ರೂಪಾಯಿಗೆ ಮಾತು ಮುಗಿಯಿತು ಎಂದುಕೊಳ್ಳೋಣ. ಒಟ್ಟು 72,000.

## ಹಂತ 5: ಒಪ್ಪಂದದಲ್ಲಿ ಬಿಡಬಾರದ ಕಲಂಗಳು

ವಾಟ್ಸ್‌ಆ್ಯಪ್ ಮಾತು ಸಾಕೆಂದು ಕೂರಬೇಡಿ. ಎರಡು ಮೂರು ಪುಟಗಳ ಒಪ್ಪಂದವನ್ನು ವಕೀಲರೊಬ್ಬರಿಂದ ಒಮ್ಮೆ ಮಾಡಿಸಿಟ್ಟುಕೊಂಡರೆ ಅದನ್ನೇ ಎಲ್ಲರಿಗೂ ಬಳಸಬಹುದು.

ಏನು, ಯಾವಾಗ. ಎಷ್ಟು ರೀಲ್, ಎಷ್ಟು ಸ್ಟೋರಿ, ಯಾವ ದಿನಾಂಕದ ಒಳಗೆ, ಎಷ್ಟು ಕಾಲ ಖಾತೆಯಲ್ಲಿ ಉಳಿಯಬೇಕು ಎಂಬುದು ಸ್ಪಷ್ಟವಾಗಿರಲಿ. ನಾಲ್ವರೂ ಒಂದೇ ಎರಡು ವಾರಗಳ ಅವಧಿಯಲ್ಲಿ ಪ್ರಕಟಿಸಬೇಕೆಂದು ಬರೆಯಿರಿ. ಇದರ ಕಾರಣ ಏಳನೆಯ ಹಂತದಲ್ಲಿ ತಿಳಿಯುತ್ತದೆ. ಒಬ್ಬೊಬ್ಬರು ಒಂದೊಂದು ತಿಂಗಳಲ್ಲಿ ಹಾಕಿದರೆ ಪರಿಣಾಮ ಚೆದುರಿಹೋಗಿ ಯಾವುದೂ ಅಳತೆಗೆ ಸಿಗುವುದಿಲ್ಲ.

ಹೇಳಬಹುದಾದ ಮತ್ತು ಹೇಳಬಾರದ ಮಾತು. ಇದನ್ನು ಒಪ್ಪಂದದ ಅನುಬಂಧವಾಗಿ ಲಗತ್ತಿಸಿ. ಸೌಂದರ್ಯವರ್ಧಕವೆಂದು ಪರವಾನಗಿ ಪಡೆದ ಸರಕಿಗೆ ‘ಮೊಡವೆ ಗುಣವಾಗುತ್ತದೆ’, ‘ಭಂಗು ವಾಸಿಯಾಗುತ್ತದೆ’ ಎಂದು ಹೇಳಿದರೆ ಅದು ಔಷಧದ ಮಾತಾಗುತ್ತದೆ. ‘ಬೆಳ್ಳಗಾಗುತ್ತೀರಿ’ ಎಂಬುದನ್ನು ಪೂರ್ತಿ ನಿಷೇಧಿಸಿ. ಎಸ್‌ಪಿಎಫ್ ಸಂಖ್ಯೆ ಹೇಳುವುದಾದರೆ ಪ್ರಯೋಗಾಲಯದ ವರದಿ ನಿಮ್ಮ ಕಡತದಲ್ಲಿರಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಬಾರಿಗೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡವಿದೆ. ಅದು ತಯಾರಕರಿಗೂ ಬೀಳಬಹುದು, ಜಾಹೀರಾತು ಮಾಡಿದವರಿಗೂ ಬೀಳಬಹುದು. ಮಾತಿನ ಭರದಲ್ಲಿ ಕ್ರಿಯೇಟರ್ ಆಡಿದ ಒಂದು ವಾಕ್ಯ ನಿಮ್ಮ ತಲೆಗೆ ಬರುವುದು ಹೀಗೆ. ಆದ್ದರಿಂದ ಪ್ರಕಟಣೆಗೆ ಮುನ್ನ ಕರಡು ವಿಡಿಯೊ ನೋಡುವ ಹಕ್ಕು ನಿಮಗಿರಲಿ. ಆದರೆ ತಿದ್ದುಪಡಿಯನ್ನು ಎರಡು ಸುತ್ತಿಗೆ ಮಿತಿಗೊಳಿಸಿ, ಮಾತಿನ ಧಾಟಿಯನ್ನು ಅವರಿಗೇ ಬಿಡಿ. ಬ್ರ್ಯಾಂಡ್‌ನವರು ಬರೆದುಕೊಟ್ಟದ್ದನ್ನು ಓದಿದ ರೀಲ್ ನೋಡಿದೊಡನೆ ಗೊತ್ತಾಗುತ್ತದೆ.

ಜಾಹೀರಾತು ಎಂಬ ಘೋಷಣೆ. ಭಾರತದ ಜಾಹೀರಾತು ಮಾನಕ ಮಂಡಳಿಯಾದ ಎಎಸ್‌ಸಿಐ 2021ರಲ್ಲಿ ತಂದ ನಿಯಮದಂತೆ, 15 ಸೆಕೆಂಡ್‌ವರೆಗಿನ ವಿಡಿಯೊದಲ್ಲಿ ಈ ಗುರುತು ಕನಿಷ್ಠ 3 ಸೆಕೆಂಡ್ ಕಾಣಬೇಕು. ಅದಕ್ಕಿಂತ ಉದ್ದವಿದ್ದು ಎರಡು ನಿಮಿಷಕ್ಕಿಂತ ಕಡಿಮೆಯಿದ್ದರೆ ಒಟ್ಟು ಉದ್ದದ ಮೂರನೇ ಒಂದು ಭಾಗ. ಎರಡು ನಿಮಿಷ ಅಥವಾ ಹೆಚ್ಚಿದ್ದರೆ ಬ್ರ್ಯಾಂಡಿನ ಮಾತು ನಡೆಯುವಷ್ಟೂ ಹೊತ್ತು. ಕನ್ನಡ ರೀಲ್‌ನಲ್ಲಿ ‘ಜಾಹೀರಾತು’ ಎಂದು ಕನ್ನಡದಲ್ಲೇ ಬರೆಯಬಹುದು. ಗುರುತು ಹಾಕಿದರೆ ವೀಕ್ಷಣೆ ಕುಸಿಯುತ್ತದೆ ಎಂದು ಕೆಲವು ಕ್ರಿಯೇಟರ್‌ಗಳು ಕೇಳಿಕೊಳ್ಳುವುದುಂಟು. ಒಪ್ಪಬೇಡಿ.

ವಿಡಿಯೊ ಬಳಸುವ ಹಕ್ಕು. ‘ಬ್ರ್ಯಾಂಡ್ ಬಳಸಬಹುದು’ ಎಂಬ ಒಂದು ಸಾಲು ಜಗಳಕ್ಕೆ ದಾರಿ. ಎಲ್ಲಿ, ಎಷ್ಟು ದಿನ, ಹಣ ಹಾಕಿ ಓಡಿಸಬಹುದೋ ಇಲ್ಲವೋ, ಕತ್ತರಿಸಿ ಜೋಡಿಸಬಹುದೋ ಎಂಬುದನ್ನೆಲ್ಲ ಬರೆಯಿರಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಇದು ಇಬ್ಬರೂ ಬಯಸಿದ್ದಾಗಿರುವುದು ಅಪರೂಪ. ಹೊಸ ಬ್ರ್ಯಾಂಡಿಗೆ 90 ದಿನಗಳ ಹಕ್ಕು ಸಾಕು. ರೀಲ್‌ನಲ್ಲಿ ಜನಪ್ರಿಯ ಸಿನಿಮಾ ಹಾಡು ಹಾಕಿದ್ದರೆ ಅದನ್ನು ಜಾಹೀರಾತಾಗಿ ಓಡಿಸಲು ಹಾಡಿನ ಹಕ್ಕು ಬೇರೆಯೇ ಬೇಕು. ಆದ್ದರಿಂದ ಹಾಡಿಲ್ಲದ ಮೂಲ ಕಡತವನ್ನೂ ಕೊಡಬೇಕೆಂದು ಸೇರಿಸಿ.

ಎಕ್ಸ್‌ಕ್ಲೂಸಿವಿಟಿ. ‘ಯಾವ ಸ್ಕಿನ್‌ಕೇರ್ ಬ್ರ್ಯಾಂಡಿಗೂ ಕೆಲಸ ಮಾಡಬಾರದು’ ಎಂದು ಬರೆದರೆ ದರ ಏರುತ್ತದೆ, ನಿಮಗೆ ಲಾಭ ಕಡಿಮೆ. ‘ಸನ್‌ಸ್ಕ್ರೀನ್’ ಎಂಬ ಒಂದೇ ವರ್ಗಕ್ಕೆ, ಪ್ರಕಟಣೆಯಿಂದ 30 ದಿನ ಎಂದು ಬರೆಯಿರಿ. ಒಪ್ಪಂದ ಮುಗಿದ ಮೇಲೂ ವೃತ್ತಿಯನ್ನು ತಡೆಯುವ ಷರತ್ತುಗಳು ಭಾರತೀಯ ಒಪ್ಪಂದ ಕಾಯ್ದೆಯ 27ನೇ ಕಲಂನಡಿ ನಿಲ್ಲುವುದು ಕಷ್ಟ. ಹಾಗಾಗಿ ಆ 30 ದಿನಗಳೂ ಒಪ್ಪಂದದ ಅವಧಿಯ ಒಳಗೇ ಬರುವಂತೆ ಮುಕ್ತಾಯದ ದಿನಾಂಕ ಇಡಿ.

ಅಂಕಿಅಂಶ ಮತ್ತು ಹಣ. ಈ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕುವುದೇ ಈ ಒಪ್ಪಂದದ ಜೀವಾಳ. ಕರಡು ಒಪ್ಪಿದಾಗ ಶೇ 40, ಪ್ರಕಟವಾಗಿ ಏಳು ದಿನಗಳಿಗೆ ವೀಕ್ಷಣೆ ಮತ್ತು ಸ್ಟೋರಿಯ ಲಿಂಕ್ ಒತ್ತಿದವರ ಸಂಖ್ಯೆ ಕೈಸೇರಿದಾಗ ಶೇ 40, ಮೂವತ್ತನೆಯ ದಿನದ ಅಂಕಿಗಳು ಬಂದಾಗ ಉಳಿದ ಶೇ 20 ಎಂದು ಮೂರು ಕಂತು ಮಾಡಿ. ಕಮಿಷನ್ ಅನ್ನು ಬುಕ್ ಆದ ಆರ್ಡರ್‌ಗೆ ಅಲ್ಲ, ತಲುಪಿ ಹಿಂದಿರುಗಿಸುವ ಅವಧಿ ಮುಗಿದ ಆರ್ಡರ್‌ಗೆ ಕೊಡುವುದೆಂದು ಬರೆಯಿರಿ. ನೀವೂ ಮಾತಿಗೆ ತಪ್ಪಬಾರದು: ಪ್ರತಿ ಕಂತಿನ ದಿನಾಂಕ, ತಡವಾದರೆ ಏನು ಎಂಬುದನ್ನೂ ಸೇರಿಸಿ. ಹಣ ತಡಮಾಡುವ ಬ್ರ್ಯಾಂಡ್ ಯಾವುದೆಂದು ಕ್ರಿಯೇಟರ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಾರೆ.

## ಹಂತ 6: ಪ್ರಕಟಣೆಗೆ ಮುನ್ನ ಗುರುತುಗಳನ್ನು ಜೋಡಿಸಿ

ಒಬ್ಬೊಬ್ಬರಿಗೂ ಬೇರೆ ಕೂಪನ್, ಬೇರೆ ಲಿಂಕ್ ಕೊಡಿ. ಕೂಪನ್ ಕೇಳಿದೊಡನೆ ಟೈಪ್ ಮಾಡುವಷ್ಟು ಸರಳವಾಗಿರಲಿ, 14 ದಿನಕ್ಕೆ ಮುಗಿಯಲಿ, ಒಂದು ಮೊಬೈಲ್ ಸಂಖ್ಯೆಗೆ ಒಂದೇ ಬಾರಿ ನಡೆಯಲಿ. ಭೇಟಿ ಯಾರ ಲಿಂಕ್‌ನಿಂದ ಬಂತೆಂದು ತಿಳಿಸುವ utm ಗುರುತುಗಳು ಒಂದೇ ಪದ್ಧತಿಯಲ್ಲಿರಬೇಕು:

```
https://example.in/sunscreen?utm_source=instagram&utm_medium=influencer&utm_campaign=ka_launch&utm_content=creator02_story1
```

ದೊಡ್ಡಕ್ಷರ, ಸಣ್ಣಕ್ಷರ ಬೆರೆಸಬೇಡಿ. `Instagram` ಮತ್ತು `instagram` ವರದಿಯಲ್ಲಿ ಎರಡು ಬೇರೆ ಸಾಲುಗಳಾಗಿ ಕಾಣುತ್ತವೆ. ಆರ್ಡರ್ ಮುಗಿದ ಪುಟದಲ್ಲಿ ‘ನಮ್ಮ ಬಗ್ಗೆ ನಿಮಗೆ ಎಲ್ಲಿ ತಿಳಿಯಿತು?’ ಎಂಬ ಪ್ರಶ್ನೆ ಇಡಿ. ಉತ್ತರಗಳಲ್ಲಿ ಕ್ರಿಯೇಟರ್‌ಗಳ ಹೆಸರೂ ಇರಲಿ.

ಇದಾದ ಮೇಲೆ ನಾಲ್ಕು ವಾರ ಏನನ್ನೂ ಬದಲಿಸಬೇಡಿ. ಬೆಲೆ ಇಳಿಸುವುದು, ಹೊಸ ಜಾಹೀರಾತು ಆರಂಭಿಸುವುದು, ಹಬ್ಬದ ಕೊಡುಗೆ ಘೋಷಿಸುವುದು ಯಾವುದೂ ಬೇಡ. ರೀಲ್‌ಗೆ ಹಣ ಹಾಕಿ ಓಡಿಸುವ ಆಸೆಯನ್ನೂ ಅಷ್ಟು ದಿನ ತಡೆದುಕೊಳ್ಳಿ, ಇಲ್ಲವಾದರೆ ಆರ್ಡರ್ ತಂದದ್ದು ಕ್ರಿಯೇಟರ್‌ನ ಮಾತೋ ನಿಮ್ಮ ಜಾಹೀರಾತಿನ ಹಣವೋ ಎಂದು ಬೇರ್ಪಡಿಸಲಾಗದು. ಇದೊಂದು ಶಿಸ್ತನ್ನು ಪಾಲಿಸಲಾಗದೆ ಲೆಕ್ಕ ಕೆಡಿಸಿಕೊಳ್ಳುವವರೇ ಬಹಳ.

## ಹಂತ 7: ಪಿನ್‌ಕೋಡ್ ಹೋಲಿಕೆಯಿಂದ ನಿಜವಾದ ಏರಿಕೆ ಹಿಡಿಯಿರಿ

ರೀಲ್‌ನ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ನೋಡಿದವರು ಎರಡು ದಿನ ಬಿಟ್ಟು ಗೂಗಲ್‌ನಲ್ಲಿ ನಿಮ್ಮ ಹೆಸರು ಹುಡುಕಿ ಬರುತ್ತಾರೆ, ಕೂಪನ್ ಮರೆತಿರುತ್ತಾರೆ. ಹಾಗಾಗಿ ಲಿಂಕ್ ಮತ್ತು ಕೂಪನ್ ಎರಡೂ ಕಡಿಮೆ ತೋರಿಸುತ್ತವೆ. ಇನ್ನೊಂದೆಡೆ, ಹೇಗೂ ಕೊಳ್ಳುತ್ತಿದ್ದ ಹಳೆಯ ಗ್ರಾಹಕರು ರಿಯಾಯಿತಿಗಾಗಿ ಕೂಪನ್ ಬಳಸಿದಾಗ, ಅಥವಾ ಕೂಪನ್ ಹಂಚುವ ತಾಣಗಳಿಗೆ ಅದು ಸೋರಿದಾಗ, ಅದೇ ಕೂಪನ್ ಹೆಚ್ಚು ತೋರಿಸುತ್ತದೆ.

ಕನ್ನಡ ಕ್ರಿಯೇಟರ್‌ಗಳೊಂದಿಗೆ ಕೆಲಸ ಮಾಡುವವರಿಗೆ ಇಲ್ಲೊಂದು ಅನುಕೂಲವಿದೆ. ಕನ್ನಡ ರೀಲ್‌ನ ಪ್ರೇಕ್ಷಕರು ಬಹುಪಾಲು ಕರ್ನಾಟಕದಲ್ಲಿರುತ್ತಾರೆ, ಕರ್ನಾಟಕದ ಪಿನ್‌ಕೋಡ್‌ಗಳು 56ರಿಂದ 59ರವರೆಗಿನ ಅಂಕಿಗಳಿಂದ ಆರಂಭವಾಗುತ್ತವೆ. ಆಂಧ್ರ ಮತ್ತು ತೆಲಂಗಾಣದ್ದು 50ರಿಂದ 53, ತಮಿಳುನಾಡಿನದ್ದು 60ರಿಂದ 64. ರೀಲ್ ತಲುಪದ ಈ ನೆರೆರಾಜ್ಯಗಳ ಮಾರಾಟವು, ರೀಲ್ ಇಲ್ಲದಿದ್ದರೆ ಕರ್ನಾಟಕದಲ್ಲಿ ಏನಾಗುತ್ತಿತ್ತು ಎಂಬುದನ್ನು ಅಂದಾಜಿಸಲು ನೆರವಾಗುತ್ತದೆ. ಹಿಂದಿಯ ಕ್ರಿಯೇಟರ್‌ಗಳನ್ನು ಹಿಡಿದವರಿಗೆ ಈ ಸೌಲಭ್ಯ ಇಷ್ಟು ಸುಲಭವಾಗಿ ಸಿಗದು.

ಆರ್ಡರ್ ಪಟ್ಟಿಯಲ್ಲಿ ಪಿನ್‌ಕೋಡ್ D ಅಂಕಣದಲ್ಲೂ ದಿನಾಂಕ E ಅಂಕಣದಲ್ಲೂ ಇದ್ದು, ಅವಧಿಯ ಮೊದಲ ಮತ್ತು ಕೊನೆಯ ದಿನ G1, G2ರಲ್ಲಿದ್ದರೆ ಕರ್ನಾಟಕದ ಎಣಿಕೆ ಹೀಗೆ:

```
=COUNTIFS(D:D,">=560000",D:D,"<=599999",E:E,">="&G1,E:E,"<="&G2)
```

ಪ್ರಕಟಣೆಗೆ ಮುಂಚಿನ ನಾಲ್ಕು ವಾರ, ಮೊದಲ ರೀಲ್ ಪ್ರಕಟವಾದ ದಿನದಿಂದ ನಾಲ್ಕು ವಾರ, ಎರಡನ್ನೂ ಎರಡು ಪ್ರದೇಶಗಳಿಗೂ ಎಣಿಸಿ. ನಮ್ಮ ಬ್ರ್ಯಾಂಡಿಗೆ ಕರ್ನಾಟಕದಲ್ಲಿ ಮೊದಲು 300 ಆರ್ಡರ್ ಇದ್ದದ್ದು ಬಳಿಕ 820 ಆಯಿತು. ನೆರೆರಾಜ್ಯಗಳಲ್ಲಿ 240 ಇದ್ದದ್ದು 288 ಆಯಿತು. ನೆರೆಯಲ್ಲಿ ರೀಲ್ ಇಲ್ಲದೆಯೂ ಶೇ 20 ಏರಿದೆ. ಬೇಸಿಗೆ ಬಂದದ್ದೋ ಬ್ರ್ಯಾಂಡ್ ಬೆಳೆಯುತ್ತಿರುವುದೋ, ಕಾರಣ ಏನಾದರೂ ಇರಲಿ. ಅದೇ ಏರಿಕೆ ಕರ್ನಾಟಕದಲ್ಲೂ ಆಗುತ್ತಿತ್ತು ಎಂದುಕೊಂಡರೆ 300 ಇದ್ದದ್ದು 360 ಆಗಬೇಕಿತ್ತು. 820ರಲ್ಲಿ ಅದನ್ನು ಕಳೆದರೆ ರೀಲ್‌ಗಳಿಂದ ಬಂದದ್ದು 460. ಕರ್ನಾಟಕ B ಅಂಕಣದಲ್ಲೂ ನೆರೆ C ಅಂಕಣದಲ್ಲೂ, ಮೊದಲಿನದು ಎರಡನೇ ಸಾಲಿನಲ್ಲೂ ಬಳಿಕದ್ದು ಮೂರನೇ ಸಾಲಿನಲ್ಲೂ ಇದ್ದರೆ:

```
=B3-B2*(C3/C2)
```

ಅದೇ ಅವಧಿಯಲ್ಲಿ ಲಿಂಕ್ ಮೂಲಕ ದಾಖಲಾದದ್ದು 140, ಕೂಪನ್ ಬಳಸಿದ್ದು 310. ಲಿಂಕ್ ನಂಬಿದವರು ಮೂರನೇ ಎರಡು ಭಾಗದಷ್ಟು ಮಾರಾಟವನ್ನು ಕಾಣುವುದೇ ಇಲ್ಲ. ಇಡೀ 820ನ್ನು ರೀಲ್‌ಗೆ ಬರೆದವರ ಲೆಕ್ಕ ಹೆಚ್ಚುಕಡಿಮೆ ಎರಡರಷ್ಟು ಉಬ್ಬಿರುತ್ತದೆ.

ಈ ವಿಧಾನಕ್ಕೆ ಮಿತಿಗಳಿವೆ. ರೀಲ್‌ಗೆ ಮುಂಚಿನ ಎಂಟು ವಾರಗಳಲ್ಲಿ ಕರ್ನಾಟಕದ ಆರ್ಡರ್‌ಗಳನ್ನು ನೆರೆರಾಜ್ಯಗಳದ್ದರಿಂದ ವಾರವಾರವೂ ಭಾಗಿಸಿ ನೋಡಿ. ಆ ಭಾಗಲಬ್ಧ 1.1ರಿಂದ 1.4ರ ನಡುವೆ ಓಲಾಡುತ್ತಿದ್ದರೆ, ರೀಲ್‌ನ ಬಳಿಕ 1.4 ಬಂದದ್ದು ಏನನ್ನೂ ಸಾಬೀತು ಮಾಡುವುದಿಲ್ಲ. ನಮ್ಮಲ್ಲಿ 1.25 ಇದ್ದದ್ದು 2.85ಕ್ಕೆ ಏರಿರುವುದರಿಂದ ಸಂಶಯಕ್ಕೆ ಎಡೆಯಿಲ್ಲ. ಒಬ್ಬರೇ ಕ್ರಿಯೇಟರ್ ಆಗಿದ್ದರೆ ಏರಿಕೆ ಈ ಓಲಾಟದೊಳಗೇ ಮುಳುಗಿಹೋಗುತ್ತಿತ್ತು. ನಾಲ್ವರನ್ನು ಎರಡು ವಾರಗಳಲ್ಲಿ ಒಟ್ಟುಗೂಡಿಸಿದ್ದು ಇದಕ್ಕಾಗಿ. ಹೊಸೂರು, ಕಾಸರಗೋಡು, ಮುಂಬೈಯ ಕನ್ನಡಿಗರು ಕೊಂಡದ್ದು ಈ ಲೆಕ್ಕದಲ್ಲಿ ಬರುವುದಿಲ್ಲ, ಆದ್ದರಿಂದ ಅಂದಾಜು ತುಸು ಕಡಿಮೆಯೇ ಇರುತ್ತದೆ. ಅಮೆಜಾನ್‌ನಲ್ಲೂ ಮಾರುತ್ತಿದ್ದರೆ ಅಲ್ಲಿನ ಆರ್ಡರ್ ವರದಿಯಲ್ಲಿ ತಲುಪಿಸುವ ರಾಜ್ಯ ಇರುತ್ತದೆ. ಅದನ್ನೂ ಇದೇ ರೀತಿ ಎಣಿಸಿ ಸೇರಿಸಿ.

## ಹಂತ 8: ಆರ್ಡರ್‌ಗಳನ್ನು ಹಣವಾಗಿ ಬದಲಿಸಿ

ನಾಲ್ಕು ವಾರ ಮುಗಿದ ದಿನವೇ ಈ ಲೆಕ್ಕಕ್ಕೆ ಕೈಹಾಕಬೇಡಿ. ಕೊನೆಯ ಪೊಟ್ಟಣ ತಲುಪಿ ಅಥವಾ ಹಿಂದಿರುಗಿ ಆಗಲು ಇನ್ನೂ ಎರಡು ಮೂರು ವಾರ ಕಾಯಿರಿ. ನಮ್ಮ 460ರಲ್ಲಿ ತಲುಪಿದ್ದು ಶೇ 82, ಅಂದರೆ 377, ಹಿಂದಿರುಗಿದ್ದು 83. ಮೊದಲು ಅಂದಾಜಿಸಿದ ಶೇ 85ಕ್ಕಿಂತ ಕಡಿಮೆ. ರೀಲ್ ನೋಡಿ ಬಂದ ಹೊಸಬರಲ್ಲಿ ವಾಪಸಾತಿ ಹೆಚ್ಚಿರಬಹುದೆಂದು ಮೊದಲೇ ನಿರೀಕ್ಷಿಸುವುದು ಜಾಣತನ.

ಎಲ್ಲರೂ ರಿಯಾಯಿತಿ ಪಡೆದರೆಂದೇ ಬಿಗಿಯಾಗಿ ಲೆಕ್ಕ ಹಾಕೋಣ. 377ರಿಂದ ತಲಾ 180ರಂತೆ 67,860 ರೂಪಾಯಿ; ವಾಪಸಾತಿಯ ನಷ್ಟ 9,960; ಉಳಿದದ್ದು 57,900. ಕೂಪನ್‌ನ 310ರಲ್ಲಿ ತಲುಪಿದ 254ಕ್ಕೆ ಕಮಿಷನ್ 12,700. ಕೈಯಲ್ಲಿ ನಿಂತದ್ದು 45,200. ಕ್ರಿಯೇಟರ್‌ಗಳಿಗೆ ಕೊಟ್ಟದ್ದು 72,000. ಮೊದಲ ಕೊಳ್ಳುವಿಕೆಯಲ್ಲಿ 26,800 ರೂಪಾಯಿ ಕೊರತೆ.

ಈ ಕೊರತೆ ಕಂಡೊಡನೆ ಸೋತೆವೆಂದು ಬಿಡುವುದೂ ತಪ್ಪು, ‘ಬ್ರ್ಯಾಂಡ್ ಹೆಸರಾಯಿತು’ ಎಂದು ಸಮಾಧಾನ ಹೇಳಿಕೊಳ್ಳುವುದೂ ತಪ್ಪು. ಕೇಳಬೇಕಾದ ಪ್ರಶ್ನೆ: ಈ 377 ಜನರಲ್ಲಿ ಎಷ್ಟು ಮಂದಿ ಮತ್ತೆ ಕೊಳ್ಳುತ್ತಾರೆ? ಮರುಖರೀದಿಯಲ್ಲಿ ರಿಯಾಯಿತಿ ಇಲ್ಲ; 499ರಲ್ಲಿ ಜಿಎಸ್‌ಟಿ ಹೋಗಿ 423, ಖರ್ಚು 200 ಕಳೆದು 223 ಉಳಿಯುತ್ತದೆ. ಕೊರತೆ ತುಂಬಲು ಸುಮಾರು 120 ಮರುಖರೀದಿ ಬೇಕು, ಅಂದರೆ ಮೂವರಲ್ಲಿ ಒಬ್ಬರು ಒಮ್ಮೆ ಮರಳಬೇಕು. ಮುಖ ಮತ್ತು ಕುತ್ತಿಗೆಗೆ ಸರಿಯಾದ ಪ್ರಮಾಣದಲ್ಲಿ ದಿನಕ್ಕೊಮ್ಮೆ ಹಚ್ಚಿದರೆ 50 ಗ್ರಾಂ ಟ್ಯೂಬು ಒಂದೂವರೆ ತಿಂಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಆದ್ದರಿಂದ 60ನೆಯ ದಿನ ಒಮ್ಮೆ, 120ನೆಯ ದಿನ ಮತ್ತೊಮ್ಮೆ, ಕೂಪನ್ ಬಳಸಿದವರ ಮೊಬೈಲ್ ಸಂಖ್ಯೆಗಳಲ್ಲಿ ಎಷ್ಟು ಮರಳಿವೆ ಎಂದು ನೋಡಿ. 60ನೆಯ ದಿನಕ್ಕೆ ಹತ್ತರಲ್ಲಿ ಒಬ್ಬರೂ ಬಂದಿರದಿದ್ದರೆ ತೊಂದರೆ ಕ್ರಿಯೇಟರ್‌ಗಳದ್ದಲ್ಲ. ಟ್ಯೂಬಿನೊಳಗಿನ ಸರಕನ್ನೋ ಬೆಲೆಯನ್ನೋ ಮತ್ತೆ ನೋಡಬೇಕು.

## ಹಂತ 9: ಯಾರೊಂದಿಗೆ ಮತ್ತೆ, ಯಾವ ಷರತ್ತಿಗೆ

ಒಟ್ಟು ಏರಿಕೆಯನ್ನು ಪಿನ್‌ಕೋಡ್ ಹೇಳಿತು. ಅದನ್ನು ನಾಲ್ವರಲ್ಲಿ ಹಂಚಲು ಕೂಪನ್ ನೆರವಿಗೆ ಬರುತ್ತದೆ. ಕೂಪನ್ ಆರ್ಡರ್‌ಗಳು ಕ್ರಮವಾಗಿ 62, 128, 84, 36. ಇದೇ ಅನುಪಾತದಲ್ಲಿ 460ನ್ನು ಹಂಚಿ, ವಾಪಸಾತಿ ಮತ್ತು ಕಮಿಷನ್ ಕಳೆದರೆ, 12,000 ಪಡೆದ ಎರಡನೆಯ ಕ್ರಿಯೇಟರ್ ಸುಮಾರು 18,700 ರೂಪಾಯಿ ತಂದಿದ್ದಾರೆ. 18,000 ಪಡೆದ ಮೂರನೆಯವರು 12,200, 12,000 ಪಡೆದ ನಾಲ್ಕನೆಯವರು 5,200. ಎಲ್ಲರಿಗಿಂತ ಹೆಚ್ಚು ಹಿಂಬಾಲಕರಿದ್ದು 30,000 ಪಡೆದ ಮೊದಲನೆಯವರು ತಂದದ್ದು 9,000. ಒಟ್ಟು ಕೊರತೆಯಲ್ಲಿ ಮುಕ್ಕಾಲು ಪಾಲು ಆ ಒಂದು ಒಪ್ಪಂದದ್ದೇ.

ಹಂಚುವ ಮುನ್ನ ಕೂಪನ್ ಸೋರಿದೆಯೇ ಎಂದು ಪರೀಕ್ಷಿಸಿ. ಒಂದು ಕೂಪನ್‌ನ ಆರ್ಡರ್‌ಗಳು ಇದ್ದಕ್ಕಿದ್ದಂತೆ ದೆಹಲಿ, ಲಖನೌ ಕಡೆಯಿಂದ ಬರತೊಡಗಿದರೆ, ಅಥವಾ ರೀಲ್ ತಣ್ಣಗಾದ ಮೇಲೂ ದಿನವೂ ಒಂದೇ ಪ್ರಮಾಣದಲ್ಲಿ ಬರುತ್ತಿದ್ದರೆ, ಅದು ಯಾವುದೋ ಕೂಪನ್ ತಾಣಕ್ಕೆ ಏರಿದೆ ಎಂದರ್ಥ. ಅಂಥ ಆರ್ಡರ್‌ಗಳನ್ನು, ಹಾಗೆಯೇ ಹಳೆಯ ಗ್ರಾಹಕರ ಸಂಖ್ಯೆಗಳನ್ನು ಹಂಚಿಕೆಯಿಂದ ತೆಗೆದುಹಾಕಿ. ಆದರೆ ಒಪ್ಪಂದದಲ್ಲಿ ಬರೆಯದೆ ಅವಕ್ಕೆ ಕಮಿಷನ್ ತಡೆಹಿಡಿಯಬೇಡಿ. ಆ ಷರತ್ತು ಮುಂದಿನ ಒಪ್ಪಂದಕ್ಕೆ ಸೇರಲಿ.

ಎರಡನೆಯ ಕ್ರಿಯೇಟರ್‌ಗೆ ಮೂರು ತಿಂಗಳಲ್ಲಿ ಮೂರು ರೀಲ್‌ಗಳ ಒಪ್ಪಂದ ಕೊಡಬಹುದು. ದರ ತುಸು ಏರಿಸಿ, 90 ದಿನಗಳ ಜಾಹೀರಾತು ಹಕ್ಕನ್ನು ಈಗ ಹಣ ಕೊಟ್ಟು ಕೊಳ್ಳಿ. ಮಾರುತ್ತದೆಂದು ಗೊತ್ತಾದ ವಿಡಿಯೊಗೆ ಮಾತ್ರ ಜಾಹೀರಾತಿನ ಹಣ ಹಾಕಿದಂತಾಗುತ್ತದೆ. ಮೂರನೆಯವರೊಂದಿಗೆ 12,000ಕ್ಕೆ ಮಾತಾಡಿ, ಒಪ್ಪದಿದ್ದರೆ ಬಿಡಿ. ಮೊದಲನೆಯವರಿಗೆ ಅಂಕಿಗಳನ್ನು ಮರೆಮಾಡದೆ ಕಳುಹಿಸಿ, ನಿಗದಿತ ಮೊತ್ತ 9,000, ತಲುಪಿದ ಆರ್ಡರ್‌ಗೆ ಕಮಿಷನ್ 80 ಎಂಬ ಪ್ರಸ್ತಾವ ಇಡಬಹುದು. ಬಹುಶಃ ಅವರು ಒಪ್ಪಲಾರರು. ನಾಲ್ಕನೆಯವರ ವಿಷಯದಲ್ಲಿ ತೀರ್ಮಾನಕ್ಕೆ ಮುನ್ನ ಸಮೀಕ್ಷೆಯ ಉತ್ತರಗಳನ್ನು ತೆರೆದು ನೋಡಿ: ಕೂಪನ್ 36 ಇದ್ದರೂ ಅವರ ಹೆಸರು ಹೇಳಿದವರು ನೂರರ ಸಮೀಪ ಇದ್ದರೆ, ಅವರು ರೀಲ್‌ನಲ್ಲಿ ಕೂಪನ್ ಅನ್ನು ಕೊನೆಯ ಎರಡು ಸೆಕೆಂಡಿನಲ್ಲಷ್ಟೇ ತೋರಿಸಿದ್ದರೋ ಏನೋ, ಇನ್ನೊಂದು ಅವಕಾಶ ಕೊಟ್ಟು, ಕೂಪನ್ ಮೊದಲ ಹತ್ತು ಸೆಕೆಂಡಿನೊಳಗೆ ಒಮ್ಮೆ ಕಾಣಬೇಕೆಂದು ಒಪ್ಪಂದದ ಮೊದಲ ಕಲಂಗೆ ಸೇರಿಸಿ.